ದುಂಡು ಡಯಲ್ ನೋಡಿ ಮೋಸ ಹೋಗಬೇಡಿ: ವಾಚನ್ನು ತಿರುಗಿಸಿ ನೋಡಿ

ಹಳೆ ಸಾಮಾನು ಮಾರುವ ಯಾವುದೇ ಆ್ಯಪ್ ತೆರೆದು ‘ಸ್ಮಾರ್ಟ್‌ವಾಚ್’ ಅಂತ ಹುಡುಕಿ ನೋಡಿ. ಸಾಲು ಸಾಲಾಗಿ ದುಂಡು ಡಯಲ್‌ಗಳು ಬರುತ್ತವೆ. ಎಲ್ಲದರಲ್ಲೂ ಎರಡು ಮುಳ್ಳು, ಹೆಚ್ಚಿನವುಗಳಲ್ಲಿ ಸಮಯ ಹತ್ತೂ ಹತ್ತು. ಒಂದಕ್ಕೆ ಸಾವಿರದ ಐನೂರು ರೂಪಾಯಿ, ಇನ್ನೊಂದಕ್ಕೆ ಹದಿನೈದು ಸಾವಿರ. ಮಾರುವವರು ಮೂರು ಬಗೆಯ ವಾಚಿಗೂ ಒಂದೇ ಹೆಸರು ಹಾಕಿರುತ್ತಾರೆ. ಆದರೆ ಅದರಲ್ಲಿ ಒಂದು ನಿಜವಾದ ಸ್ಮಾರ್ಟ್‌ವಾಚ್, ಒಂದು ವಾಚಿನ ವೇಷ ಹಾಕಿದ ಫಿಟ್ನೆಸ್ ಬ್ಯಾಂಡ್, ಮತ್ತೊಂದು ನಿಜವಾದ ಮುಳ್ಳುಗಳಿದ್ದೂ ಫೋನಿನ ಜೊತೆ ಮಾತಾಡುವ ಹೈಬ್ರಿಡ್ ಇರಬಹುದು.

1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದಾಗ ಈ ತಲೆನೋವು ಇರಲಿಲ್ಲ. ಡಯಲ್ ಮೇಲೆ ಏನು ಕಾಣುತ್ತಿತ್ತೋ ವಾಚು ಅಷ್ಟೇ ಮಾಡುತ್ತಿತ್ತು. ಈಗ ಡಯಲ್ ಏನನ್ನು ಬೇಕಾದರೂ ತೋರಿಸಬಹುದು. ಹಾಗಾಗಿ ಮುಖದಿಂದ ಶುರು ಮಾಡೋಣ, ಆದರೆ ಅಲ್ಲಿಗೇ ನಿಲ್ಲಿಸುವುದು ಬೇಡ. ಬೆನ್ನು ಮತ್ತು ಬೆಲ್ಟು ಹೇಳುವ ಮಾತು ಜಾಸ್ತಿ ನಂಬಿಕೆಯದ್ದು.

ಮುಳ್ಳು ನಿಜದ್ದಾ, ಬರೆದದ್ದಾ?

ಮೊದಲ ಪ್ರಶ್ನೆ ಇಷ್ಟೇ: ಪರದೆ ಆರಿದಾಗ ಮುಳ್ಳು ಉಳಿಯುತ್ತದಾ? ಉಳಿದರೆ ಅದು ಹೈಬ್ರಿಡ್ ಅಥವಾ ಮಾಮೂಲಿ ಕ್ವಾರ್ಟ್ಜ್ ವಾಚು. ಮಾಯವಾದರೆ ಅದು ಪರದೆಯ ಮೇಲೆ ಬರೆದ ಚಿತ್ರ. ಕೆಲವು ವಾಚುಗಳ ಪರದೆ ಸದಾ ಉರಿಯುತ್ತಲೇ ಇರುತ್ತದೆ. ಆಗ ವಾಚನ್ನು ಬೆಳಕಿನಲ್ಲಿ ಸ್ವಲ್ಪ ಓರೆ ಮಾಡಿ. ನಿಜವಾದ ಮುಳ್ಳು ಡಯಲ್‌ಗಿಂತ ಮೇಲೆ ಇರುತ್ತದೆ, ಅದರ ನೆರಳು ಡಯಲ್ ಮೇಲೆ ಬೀಳುತ್ತದೆ. ಓರೆ ಮಾಡಿದ ಹಾಗೆ ಆ ನೆರಳು ಸರಿಯುತ್ತದೆ. ಚಿತ್ರದ ಮುಳ್ಳಿಗೂ ನೆರಳು ಬರೆದಿರುತ್ತಾರೆ, ಆದರೆ ನೀವು ಎಷ್ಟು ಓರೆ ಮಾಡಿದರೂ ಅದು ಕದಲುವುದಿಲ್ಲ. ಮಾರಾಟದ ಫೋಟೋದಲ್ಲಿ ಇದನ್ನು ನೋಡಲು ಆಗುವುದಿಲ್ಲ. ಅದಕ್ಕೇ ಪರದೆ ಆರಿಸಿದ ಒಂದು ಫೋಟೋ ಕೇಳಿ ಪಡೆಯಬೇಕು.

ನಿಜವಾದ ಮುಳ್ಳಿದೆ ಅಂತ ಗೊತ್ತಾಯಿತು. ಅದು ಮಾಮೂಲಿ ವಾಚೋ ಹೈಬ್ರಿಡ್ಡೋ? ಹೈಬ್ರಿಡ್ ತಯಾರಕರು ತಮ್ಮ ಜಾಣತನವನ್ನು ಕೆಲವು ಬೇರೆ ಬೇರೆ ಕಡೆ ಬಚ್ಚಿಡುತ್ತಾರೆ. ವಿದಿಂಗ್ಸ್ ಕಂಪನಿಯ ಸ್ಕ್ಯಾನ್‌ವಾಚ್ ನೋಡಿ. ಹನ್ನೆರಡರ ಕೆಳಗೆ ಗುಂಡಗಿನ ಒಂದು ಪುಟ್ಟ ಕಪ್ಪು ಪರದೆ ಇದೆ. ಆರರ ಹತ್ತಿರ ಸೊನ್ನೆಯಿಂದ ನೂರರವರೆಗೆ ಗುರುತು ಹಾಕಿದ ಒಂದು ಒಳಡಯಲ್. ಆ ಪುಟ್ಟ ಮುಳ್ಳು ಸೆಕೆಂಡು ತೋರಿಸುವುದಿಲ್ಲ, ದಿನದ ಹೆಜ್ಜೆಯ ಗುರಿಯಲ್ಲಿ ಶೇಕಡಾ ಎಷ್ಟು ಮುಗಿದಿದೆ ಅಂತ ತೋರಿಸುತ್ತದೆ. ಒಳಡಯಲ್ ಅರವತ್ತರವರೆಗೆ ಇದ್ದರೆ ಸೆಕೆಂಡು ಅಥವಾ ನಿಮಿಷದ ಲೆಕ್ಕ, ನೂರರವರೆಗೆ ಇದ್ದರೆ ಬಹುತೇಕ ಹೈಬ್ರಿಡ್. ಇದಕ್ಕಿಂತ ಸುಲಭದ ಗುರುತು ನನಗೆ ಸಿಕ್ಕಿಲ್ಲ.

ಗಾರ್ಮಿನ್‌ನ ವಿವೋಮೂವ್ ಇನ್ನೂ ಗುಟ್ಟಿನದ್ದು. ಅದರಲ್ಲಿ ಪರದೆ ಡಯಲ್‌ನ ಅಡಿಯಲ್ಲೇ ಅಡಗಿರುತ್ತದೆ. ಕೈ ಎತ್ತಿದಾಗ ಅಥವಾ ತಟ್ಟಿದಾಗ ಅಕ್ಷರಗಳು ಡಯಲ್‌ನೊಳಗಿಂದ ಮೂಡುತ್ತವೆ, ಮುಳ್ಳುಗಳು ಓದಲು ಅಡ್ಡಿಯಾಗದ ಹಾಗೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಕೆಲಸ ಮುಗಿದ ಮೇಲೆ ಮತ್ತೆ ಸರಿಯಾದ ಸಮಯಕ್ಕೆ ಬರುತ್ತವೆ. ಮೊದಲ ಸಲ ನೋಡಿದವರು ವಾಚು ಕೆಟ್ಟಿತು ಅಂದುಕೊಳ್ಳುವುದೂ ಉಂಟು. ಫಾಸಿಲ್ 2019ರಲ್ಲಿ ತಂದ ಹೈಬ್ರಿಡ್ ಎಚ್‌ಆರ್‌ನಲ್ಲಿ ಡಯಲ್ ಪೂರ್ತಿ ಇ-ಇಂಕ್. ಇ-ಬುಕ್ ಓದುವ ಸಾಧನದಲ್ಲಿ ಇರುತ್ತದಲ್ಲ, ಅದೇ ಬಗೆಯ ಬೂದು ಬಣ್ಣದ ಪರದೆ. ಅದರ ಮೇಲೆ ಲೋಹದ ಮುಳ್ಳು ತಿರುಗುತ್ತದೆ.

ಪರದೆಯೇ ಇಲ್ಲದ ಹೈಬ್ರಿಡ್‌ಗಳೂ ಇವೆ. ಫಾಸಿಲ್‌ನ ಮೊದಲಿನ ಕೆಲವು ಮಾದರಿಗಳಲ್ಲಿ ಫೋನ್ ಬಂದರೆ ವಾಚು ಅದುರಿ, ಮುಳ್ಳುಗಳು ನೀವು ಆ ವ್ಯಕ್ತಿಗೆ ಗೊತ್ತುಮಾಡಿದ ಅಂಕಿಯ ಕಡೆ ತಿರುಗುತ್ತಿದ್ದವು. ಇಂಥವನ್ನು ಮುಖ ನೋಡಿ ಹೇಳುವುದು ಕಷ್ಟ. ಪಕ್ಕದ ಚಾವಿ ಹಿಡಿದು ಮೆಲ್ಲಗೆ ಎಳೆಯಿರಿ. ಮಾಮೂಲಿ ವಾಚಿನಲ್ಲಿ ಅದು ‘ಟಕ್’ ಅಂತ ಹೊರಗೆ ಬರುತ್ತದೆ, ತಿರುಗಿಸಿ ಸಮಯ ಇಡಬಹುದು. ಇಂಥ ಹೈಬ್ರಿಡ್‌ಗಳಲ್ಲಿ ಚಾವಿಯ ಹಾಗೆ ಕಾಣುವುದು ಬರೀ ಒತ್ತುವ ಗುಂಡಿ. ಸಮಯವನ್ನು ಫೋನೇ ಹೇಳುತ್ತದೆ.

ಹಳೆ ಹೈಬ್ರಿಡ್ ಕೊಳ್ಳುವವರು ಈ ಒಂದು ವಿಷಯವನ್ನು ಚೆನ್ನಾಗಿ ಯೋಚಿಸಬೇಕು. ಸಮಯ ಇಡುವುದೇ ಆ್ಯಪ್ ಮೂಲಕ ಅಂದಮೇಲೆ, ಆ್ಯಪ್ ನಿಂತರೆ ವಾಚು ಸಮಯಕ್ಕೂ ಪರದಾಡುತ್ತದೆ. ಫಾಸಿಲ್ ಕಂಪನಿ 2024ರ ಜನವರಿಯಲ್ಲಿ ಸ್ಮಾರ್ಟ್‌ವಾಚ್ ವ್ಯಾಪಾರದಿಂದ ಹೊರಬರುವುದಾಗಿ ಹೇಳಿತು. ಇನ್ನೊಂದು ತೊಂದರೆ, ಎಲ್ಲಾದರೂ ಬಡಿದು ಮುಳ್ಳು ಜಾರಿರುವುದು. ವಾಚು ತನ್ನ ಲೆಕ್ಕದಲ್ಲಿ ಸರಿಯಾಗೇ ಇರುತ್ತದೆ, ಮುಳ್ಳು ಮಾತ್ರ ಎರಡು ಮೂರು ನಿಮಿಷ ಆಚೀಚೆ ತೋರಿಸುತ್ತದೆ. ಇದಕ್ಕೆ ರಿಪೇರಿ ಅಂಗಡಿಗೆ ಹೋಗಬೇಕಿಲ್ಲ. ಆ್ಯಪ್‌ನಲ್ಲಿ ಮುಳ್ಳು ಹೊಂದಿಸುವ ಜಾಗ ಇರುತ್ತದೆ. ಆ್ಯಪ್ ಕೆಲಸ ಮಾಡುತ್ತಿದ್ದರೆ, ಅಷ್ಟೇ.

ಅಂದಹಾಗೆ, ಮುಳ್ಳು ಮತ್ತು ಡಿಜಿಟಲ್ ಅಂಕಿ ಎರಡೂ ಇರುವ ಹಳೆ ಕಾಲದ ಕ್ಯಾಸಿಯೊ ವಾಚನ್ನೂ ಕೆಲವರು ಹೈಬ್ರಿಡ್ ಅಂತ ಮಾರುತ್ತಾರೆ. ಅದರಲ್ಲಿ ಅಲಾರಾಂ ಇದೆ, ಸ್ಟಾಪ್‌ವಾಚ್ ಇದೆ, ಫೋನಿನ ಜೊತೆ ಮಾತಿಲ್ಲ. ಒಳ್ಳೇ ವಾಚೇ, ಆದರೆ ಈ ಲೆಕ್ಕಕ್ಕೆ ಬರುವುದಿಲ್ಲ.

ವಾಚಿನ ವೇಷದಲ್ಲಿ ಬ್ಯಾಂಡ್

ಮುಳ್ಳು ಚಿತ್ರದ್ದು ಅಂತ ಗೊತ್ತಾಯಿತು ಅನ್ನಿ. ಆಗಲೂ ಅದು ಸ್ಮಾರ್ಟ್‌ವಾಚೇ ಅಂತ ಹೇಳಲಾಗದು. ಗೊಂದಲ ಜಾಸ್ತಿ ಇರುವುದೇ ಇಲ್ಲಿ.

ಮೊದಲು ಬ್ಯಾಂಡ್ ಅಂದರೆ ಆಕಾರದಲ್ಲೇ ತಿಳಿಯುತ್ತಿತ್ತು. 2014ರಲ್ಲಿ ಬಂದ ಶವೋಮಿಯ ಮೊದಲ ಮಿ ಬ್ಯಾಂಡ್‌ಗೆ ಪರದೆಯೇ ಇರಲಿಲ್ಲ, ಮೂರು ಪುಟ್ಟ ದೀಪ ಮಾತ್ರ. ಆಮೇಲೆ ಉದ್ದನೆಯ ಕಿರಿದಾದ ಪರದೆ ಬಂತು. ಕ್ರಮೇಣ ಅದೇ ಬಗೆಯ ಒಳಯಂತ್ರವನ್ನು ದುಂಡು ಅಥವಾ ಚೌಕ ಡಬ್ಬಿಯಲ್ಲಿ ಹಾಕಿ, ದೊಡ್ಡ ಪರದೆ ಕೊಟ್ಟು, ಸ್ಮಾರ್ಟ್‌ವಾಚ್ ಅಂತ ಮಾರುವುದು ಶುರುವಾಯಿತು. ನಮ್ಮಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ‘ಸ್ಮಾರ್ಟ್‌ವಾಚ್’ಗಳಲ್ಲಿ ಬಹುಪಾಲು ಇಂಥವೇ. ಹಾಗಂತ ಅವು ಕೆಟ್ಟವಲ್ಲ. ಹೆಜ್ಜೆ, ನಿದ್ದೆ, ಮೆಸೇಜ್ ನೋಡುವುದಷ್ಟೇ ಬೇಕಿದ್ದರೆ ಸಾಕು. ಆದರೆ ಹೆಸರು ನೋಡಿ ಇನ್ನೇನೋ ನಿರೀಕ್ಷೆ ಮಾಡಬಾರದು.

ವ್ಯತ್ಯಾಸ ಇರುವುದು ಒಳಗಿನ ಸಾಫ್ಟ್‌ವೇರ್‌ನಲ್ಲಿ. ಆ್ಯಪಲ್ ವಾಚು, ಗೂಗಲ್‌ನ ವೇರ್ ಓಎಸ್ ಇರುವ ಸ್ಯಾಮ್ಸಂಗ್ ಅಥವಾ ಪಿಕ್ಸೆಲ್ ವಾಚು, ಇವುಗಳಲ್ಲಿ ಫೋನಿನಲ್ಲಿ ಇರುವಂಥ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಇದೆ. ಬೇರೆಯವರು ಮಾಡಿದ ಆ್ಯಪ್‌ಗಳನ್ನು ವಾಚಿನ ಮೇಲೇ ಹಾಕಿಕೊಳ್ಳಬಹುದು. ಬ್ಯಾಂಡ್ ಜಾತಿಯವುಗಳಲ್ಲಿ ಚಿಕ್ಕ ಚಿಪ್ಪು, ಗೊತ್ತಾದ ಕೆಲವೇ ಕೆಲಸ ಮಾಡುವ ಸಣ್ಣ ಸಾಫ್ಟ್‌ವೇರ್. ಕಂಪನಿ ಕೊಟ್ಟದ್ದಷ್ಟೇ ನಿಮ್ಮದು. ಹೊಸ ಡಯಲ್ ಚಿತ್ರ ಇಳಿಸಿಕೊಳ್ಳಬಹುದು, ಹೊಸ ಕೆಲಸ ಕಲಿಸಲು ಆಗುವುದಿಲ್ಲ.

ಹೊರಗಿನಿಂದ ಇದನ್ನು ಹೇಗೆ ತಿಳಿಯುವುದು? ಮೆನು ತೆಗೆದು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಇದೆಯಾ ನೋಡುವುದು ನೇರ ದಾರಿ. ಗಾರ್ಮಿನ್‌ನಂಥ ಕೆಲವು ಪೂರ್ತಿ ಸ್ಮಾರ್ಟ್‌ವಾಚ್ ಮತ್ತು ಬ್ಯಾಂಡ್ ನಡುವೆ ಬರುತ್ತವೆ, ಅವಕ್ಕೆ ತಮ್ಮದೇ ಚಿಕ್ಕ ಅಂಗಡಿ ಇದೆ. ಇನ್ನೊಂದು ದಾರಿ ಚಾರ್ಜ್ ಎಷ್ಟು ದಿನ ಬರುತ್ತದೆ ಅಂತ ಕೇಳುವುದು. ಆ್ಯಪಲ್ ತನ್ನ ಮಾಮೂಲಿ ಮಾದರಿಗಳಿಗೆ ಬಹಳ ವರ್ಷ 18 ಗಂಟೆ ಅಂತಲೇ ಹೇಳಿಕೊಂಡು ಬಂತು. ಸ್ಯಾಮ್ಸಂಗ್ ಗ್ಯಾಲಕ್ಸಿ ವಾಚ್ 4ಕ್ಕೆ ಕಂಪನಿಯ ಮಾತು 40 ಗಂಟೆ. ಬ್ಯಾಂಡ್‌ಗಳು ಒಂದೆರಡು ವಾರ ಬರುತ್ತವೆ. ಸ್ಕ್ಯಾನ್‌ವಾಚ್‌ನಂಥ ಹೈಬ್ರಿಡ್ 30 ದಿನ ಅನ್ನುತ್ತದೆ. ಹಾಗಾಗಿ ಮಾರುವವರು ಖುಷಿಯಿಂದ ‘ಹತ್ತು ದಿನ ಚಾರ್ಜ್ ಬರುತ್ತೆ ಸಾರ್’ ಅಂದರೆ ಅವರೇ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಯಿತು, ಅಲ್ವಾ?

ಬ್ಲೂಟೂತ್ ಕಾಲಿಂಗ್ ಇದೆ ಅನ್ನುವುದು ಇಲ್ಲಿ ಯಾವ ಸಾಕ್ಷಿಯೂ ಅಲ್ಲ. ಪಕ್ಕದಲ್ಲಿ ಸ್ಪೀಕರ್, ಮೈಕಿನ ತೂತು ಕಾಣಬಹುದು. ಕರೆ ಮಾಡುವುದು ಜೇಬಿನಲ್ಲಿರುವ ಫೋನೇ. ವಾಚು ಅದಕ್ಕೆ ಮೈಕು, ಸ್ಪೀಕರ್ ಆಗಿ ನಿಂತಿರುತ್ತದೆ.

ಬೆನ್ನು ತಿರುಗಿಸಿದರೆ

ಈಗ ವಾಚನ್ನು ಮಗುಚಿ. ನಡುವೆ ಗಾಜಿನ ಕಿಟಕಿ, ಅದರಲ್ಲಿ ಹಸಿರು ದೀಪ ಕಂಡರೆ ಅದು ನಾಡಿಬಡಿತ ನೋಡುವ ಸೆನ್ಸರ್. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಲ್ಲಿ ರಕ್ತ ಜಾಸ್ತಿಯಾಗುತ್ತದೆ, ವಾಪಸ್ ಬರುವ ಹಸಿರು ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಹೆಚ್ಚುತ್ತದೆ. ಈ ಏರಿಳಿತ ಎಣಿಸುವುದೇ ಅದರ ಕೆಲಸ. ಎಣಿಸಲು ದೀಪ ಮಾತ್ರ ಸಾಲದು, ವಾಪಸ್ ಬಂದ ಬೆಳಕನ್ನು ನೋಡುವ ಕಣ್ಣೂ ಬೇಕು. ದೀಪದ ಪಕ್ಕ ಕಪ್ಪಗೆ, ಚೌಕವಾಗಿ ಕಾಣುವ ಫೋಟೊಡಯೋಡ್ ಆ ಕಣ್ಣು.

ನಕಲಿ ವಾಚುಗಳಲ್ಲಿ ಕೈಕೊಡುವುದು ಇಲ್ಲೇ. ಹಸಿರು ದೀಪ ಮಿನುಗುತ್ತದೆ, ಕಣ್ಣು ಮಾತ್ರ ಇರುವುದಿಲ್ಲ. ಪರದೆಯಲ್ಲಿ ಸುಮ್ನೆ 72, 75, 78 ಅಂತ ಬರುತ್ತಿರುತ್ತದೆ. ಇದನ್ನು ಹಿಡಿಯಲು ಜನ ವಾಚನ್ನು ನೀರಿನ ಬಾಟಲಿಗೆ ಕಟ್ಟಿ ನೋಡುತ್ತಾರೆ. ಬಾಟಲಿಗೂ ನಾಡಿಬಡಿತ ತೋರಿಸಿದರೆ ನಕಲಿ ಅಂತ ತೀರ್ಪು. ಈ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಳ್ಳೆಯ ಕಂಪನಿಯ ವಾಚು ಕೂಡ ಟಿಶ್ಯೂ ಪೇಪರ್ ಸುರುಳಿಗೆ ಕಟ್ಟಿದಾಗ ಯಾವುದೋ ಅಂಕಿ ತೋರಿಸಿದ್ದುಂಟು. ಹಿಂದೆ ಚಿಮ್ಮಿದ ಬೆಳಕಿನಲ್ಲಿ ಏನಾದರೂ ಲಯ ಹುಡುಕುವುದು ಅದರ ಸ್ವಭಾವ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಮೆಟ್ಟಿಲು. ವಾಚು ಕಟ್ಟಿಕೊಂಡು ಎರಡು ಮಹಡಿ ಬೇಗ ಬೇಗ ಹತ್ತಿ. ನಿಂತ ಕೂಡಲೇ ಕುತ್ತಿಗೆಯ ಪಕ್ಕ ಬೆರಳಿಟ್ಟು 15 ಸೆಕೆಂಡು ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ. 30 ಬಂದರೆ ನಿಮಿಷಕ್ಕೆ 120. ಅದೇ ಹೊತ್ತಿಗೆ ವಾಚು 115ರ ಹತ್ತಿರ ಇದ್ದರೆ ಅದರಲ್ಲಿ ಕಣ್ಣಿದೆ. ಇನ್ನೂ 76ರಲ್ಲೇ ಕೂತಿದ್ದರೆ ದುಡ್ಡು ಕೊಡಬೇಡಿ. ಹೃದಯದ ತೊಂದರೆ ಇರುವವರು ಈ ಪರೀಕ್ಷೆಯನ್ನು ಬೇರೆಯವರ ಕೈಯಲ್ಲಿ ಮಾಡಿಸಿ.

ರಕ್ತದ ಆಮ್ಲಜನಕ ನೋಡಲು ಹಸಿರು ಸಾಲದು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬೇಕು. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಈ ಎರಡು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಆದ್ದರಿಂದ ಆಮ್ಲಜನಕ ಅಳೆಯುವ ಆಯ್ಕೆ ಒತ್ತಿ ವಾಚಿನ ಬೆನ್ನನ್ನು ಸ್ವಲ್ಪ ಎತ್ತಿ ನೋಡಿ. ಕೆಂಪು ಹೊಳಪು ಕಾಣಬೇಕು. ಬರೀ ಹಸಿರೇ ಉರಿದು, ಆಮೇಲೆ 98 ಅಂತ ಅಂಕಿ ಬಂದರೆ ಆ ಅಂಕಿಯನ್ನು ನಂಬುವುದು ಹೇಗೆ?

ಇಸಿಜಿಗೆ ಬೆಳಕಿನ ಸಂಬಂಧವೇ ಇಲ್ಲ. ಅದು ಹೃದಯದ ವಿದ್ಯುತ್ತನ್ನು ಓದುತ್ತದೆ, ಅದಕ್ಕೆ ಎರಡು ಕೈಗಳ ನಡುವೆ ಸುತ್ತು ಪೂರ್ತಿಯಾಗಬೇಕು. ಒಂದು ಲೋಹದ ಭಾಗ ವಾಚು ಕಟ್ಟಿದ ಮಣಿಕಟ್ಟಿಗೆ ತಾಗಬೇಕು. ಇನ್ನೊಂದನ್ನು ಇನ್ನೊಂದು ಕೈಯ ಬೆರಳು ಮುಟ್ಟಬೇಕು. ಆ್ಯಪಲ್ ವಾಚಿನಲ್ಲಿ 2018ರ ನಾಲ್ಕನೇ ಸರಣಿಯಿಂದ ಪಕ್ಕದ ಚಾವಿ ಈ ಕೆಲಸ ಮಾಡುತ್ತದೆ. ಸ್ಕ್ಯಾನ್‌ವಾಚ್‌ನಲ್ಲಿ ಡಯಲ್ ಸುತ್ತಲಿನ ಉಕ್ಕಿನ ಅಂಚು. ಫಿಟ್‌ಬಿಟ್ ಚಾರ್ಜ್ 5 ಬ್ಯಾಂಡ್‌ನಲ್ಲಿ ಎರಡು ಬದಿಯ ಲೋಹದ ಪಟ್ಟಿ. ಅಂದರೆ ಮೂರು ಜಾತಿಯಲ್ಲೂ ಇಸಿಜಿ ಇರಬಹುದು, ಸೆನ್ಸರ್ ನೋಡಿ ಜಾತಿ ಹೇಳಲಾಗದು. ಆದರೆ ಪೂರ್ತಿ ಪ್ಲಾಸ್ಟಿಕ್ ಮೈಯ, ಬೆರಳಿಡಲು ಎಲ್ಲೂ ಲೋಹವಿಲ್ಲದ ವಾಚು ಇಸಿಜಿ ಮಾಡುತ್ತದೆ ಅಂದರೆ ಅದು ಸುಳ್ಳು ಅಂತ ಬೆನ್ನು ನೋಡಿಯೇ ಹೇಳಬಹುದು.

ಬಿಪಿ ಮತ್ತು ಸಕ್ಕರೆಯ ಮಾತೂ ಹೀಗೇ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ, ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಅಂತ ಎಚ್ಚರಿಸಿತು. ಅಂಥ ಒಂದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂದಿತು. ಬಿಪಿ ವಿಷಯಕ್ಕೆ ಬೆಲ್ಟಿನ ಜೊತೆ ಬರುತ್ತೇನೆ.

ಬೆನ್ನಿನಲ್ಲಿ ಗಾಜಿನ ಕಿಟಕಿಯೇ ಇಲ್ಲದಿದ್ದರೆ? ಎರಡೋ ನಾಲ್ಕೋ ಲೋಹದ ಚುಕ್ಕೆ ಇದ್ದರೆ ಅವು ಚಾರ್ಜ್ ಆಗುವ ಜಾಗ. ಅವೂ ಇಲ್ಲದೆ, ಮುಚ್ಚಿದ ಉಕ್ಕಿನ ಬೆನ್ನು ಇದ್ದರೆ ಒಳಗೆ ಬಿಲ್ಲೆ ಸೆಲ್ ಇರುತ್ತದೆ. ಮುಂದೆ ನಿಜವಾದ ಮುಳ್ಳಿದ್ದರೆ ಅದು ಮಾಮೂಲಿ ವಾಚು ಅಥವಾ ಹೆಜ್ಜೆ ಮಾತ್ರ ಎಣಿಸುವ ಹೈಬ್ರಿಡ್. ಹೆಜ್ಜೆ ಎಣಿಸುವ ಸೆನ್ಸರ್‌ಗೆ ಕಿಟಕಿ ಬೇಡ, ಅದು ಕೈಯ ಅಲುಗಾಟ ನೋಡುತ್ತದೆ. ಮುಂದೆ ಕೆಂಪು ಅಂಕಿ ಹೊಳೆಯುವ ರಬ್ಬರ್ ಬ್ಯಾಂಡ್ ಇದ್ದು, ಹಿಂದೆ ಸ್ಕ್ರೂ ಹಾಕಿದ ಮುಚ್ಚಳ ಇದ್ದರೆ ಅದು ಜಾತ್ರೆಯಲ್ಲಿ ಸಿಗುವ ಎಲ್‌ಇಡಿ ವಾಚು. ಬ್ಯಾಂಡಿನ ಆಕಾರವಷ್ಟೇ ಅದಕ್ಕಿದೆ.

ಬೆಲ್ಟು ಸೇರುವ ಜಾಗ

ಬೆಲ್ಟನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಆದರೆ ವಾಚಿನ ಮನೆತನ ಗೊತ್ತಾಗುವುದು ಅಲ್ಲೇ.

ಹೈಬ್ರಿಡ್‌ಗಳು ವಾಚು ಮಾಡುವವರ ಪರಂಪರೆಯವು. ಡಬ್ಬಿಯಿಂದ ನಾಲ್ಕು ಕೊಂಬು ಚಾಚಿರುತ್ತವೆ, ಅವುಗಳ ನಡುವೆ ಸ್ಪ್ರಿಂಗ್ ಪಿನ್ನು. ಊರಿನ ಯಾವ ವಾಚ್ ಅಂಗಡಿಯಲ್ಲೂ ಅದಕ್ಕೆ ಬೆಲ್ಟು ಸಿಗುತ್ತದೆ. ಅಗಲ ಸಾಮಾನ್ಯವಾಗಿ 18, 20 ಅಥವಾ 22 ಮಿಲಿಮೀಟರ್. ದುಂಡು ಸ್ಮಾರ್ಟ್‌ವಾಚುಗಳಲ್ಲೂ ಅನೇಕವು ಇದನ್ನೇ ಅನುಸರಿಸುತ್ತವೆ. ಗ್ಯಾಲಕ್ಸಿ ವಾಚ್ 4ಕ್ಕೆ 20 ಮಿಲಿಮೀಟರ್ ಬೆಲ್ಟು ಕೂರುತ್ತದೆ. ಅಳೆಯಬೇಕಾದ್ದು ಎರಡು ಕೊಂಬುಗಳ ನಡುವಿನ ಸಂದು. ಪೆಟ್ಟಿಗೆ ಮೇಲೆ 44 ಅಂತ ಬರೆದಿರುವುದು ಡಬ್ಬಿಯ ಅಳತೆ, ಅದನ್ನು ಹೇಳಿ ಬೆಲ್ಟು ಕೇಳಿದರೆ ಅಂಗಡಿಯವರು ನಗುತ್ತಾರೆ.

ಬ್ಯಾಂಡಿನ ದಾರಿ ಬೇರೆ. ಮಿ ಬ್ಯಾಂಡ್ ಏಳರವರೆಗೆ ಯಂತ್ರವೇ ಒಂದು ಮಾತ್ರೆಯಾಕಾರದ ಗುಳಿಗೆ, ರಬ್ಬರ್ ಬೆಲ್ಟಿನ ನಡುವಿನ ತೂತಿನಲ್ಲಿ ಒತ್ತಿ ಕೂರಿಸುವುದು. ರಬ್ಬರ್ ಸಡಿಲವಾದರೆ ಗುಳಿಗೆ ಎಲ್ಲೋ ಬಿದ್ದು ಹೋಗುತ್ತದೆ, ಕೈಯಲ್ಲಿ ಖಾಲಿ ಬೆಲ್ಟು ಉಳಿಯುತ್ತದೆ. ಹಳೆಯದು ಕೊಳ್ಳುವಾಗ ಆ ತೂತಿನ ಅಂಚು ಹರಿದಿದೆಯಾ ನೋಡಿ. 2023ರ ಎಂಟನೇ ಬ್ಯಾಂಡಿನಿಂದ ಇದು ಬದಲಾಗಿ, ಎರಡು ತುದಿಗೂ ಬಿಡಿ ಬೆಲ್ಟು ಸಿಕ್ಕಿಸುವ ಹಾಗಾಯಿತು.

ಆ್ಯಪಲ್‌ನದು ತನ್ನದೇ ಕಾಲುವೆ. ಬೆಲ್ಟು ಪಕ್ಕದಿಂದ ಜಾರಿ ಒಳಗೆ ಹೋಗುತ್ತದೆ. ಅಲ್ಲಿ ಒಂದು ಬಲೆ ಇದೆ. ಹಳೆಯ ಮೂರನೇ ಸರಣಿಯ 42 ಮಿಲಿಮೀಟರ್ ವಾಚು ದೊಡ್ಡ ಬೆಲ್ಟಿನ ಗುಂಪಿಗೆ ಸೇರಿದ್ದು. 2024ರ ಹತ್ತನೇ ಸರಣಿಯ 42 ಮಿಲಿಮೀಟರ್ ವಾಚು ಚಿಕ್ಕ ಬೆಲ್ಟಿನ ಗುಂಪಿನದು. ಅಂಕಿ ಒಂದೇ, ಬೆಲ್ಟು ಒಂದೇ ಅಲ್ಲ.

ಬೆಲ್ಟಿಗೂ ಸೆನ್ಸರ್‌ಗೂ ನೇರ ಸಂಬಂಧ ಇದೆ. ಹೈಬ್ರಿಡ್‌ಗೆ ಚಂದ ಅಂತ ಉಕ್ಕಿನ ಚೈನು ಹಾಕಿ ಬಳೆಯ ಹಾಗೆ ಸಡಿಲ ಬಿಟ್ಟರೆ ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ, ಕೈ ಬೀಸಿದ ಹಾಗೆಲ್ಲ ಸೆನ್ಸರ್ ಚರ್ಮದಿಂದ ದೂರ ಹೋಗುತ್ತದೆ. ಆಗ ಅದು ಬಡಿತದ ಬದಲು ನಡಿಗೆಯ ಲಯವನ್ನೇ ಎಣಿಸಿಬಿಡಬಹುದು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಸೆನ್ಸರ್ ಕೂರುವ ಜಾಗದಲ್ಲಿ ಹಚ್ಚೆ ಇದ್ದರೆ ಶಾಯಿ ಬೆಳಕನ್ನು ತಡೆಯುತ್ತದೆ, ಇನ್ನೊಂದು ಕೈಗೆ ಕಟ್ಟಿ ನೋಡಿ.

ಬಿಪಿಯ ಗುಟ್ಟೂ ಬೆಲ್ಟಿನಲ್ಲೇ ಇದೆ. ಆಸ್ಪತ್ರೆಯಲ್ಲಿ ತೋಳಿಗೆ ಸುತ್ತುವ ಪಟ್ಟಿ ಗಾಳಿ ತುಂಬಿಕೊಂಡು ನಾಳವನ್ನು ಒತ್ತುತ್ತದೆ. ಹುವಾವೆ ವಾಚ್ ಡಿ ಅನ್ನುವ ವಾಚಿನಲ್ಲಿ ಬೆಲ್ಟಿನ ಒಳಮೈಗೆ ಅಂಥದ್ದೇ ಗಾಳಿಚೀಲ ಇದೆ, ಕೈ ತಟ್ಟಿದರೆ ಗೊತ್ತಾಗುವಷ್ಟು ದಪ್ಪ. ಸ್ಯಾಮ್ಸಂಗ್ ಗಾಳಿಚೀಲ ಇಲ್ಲದೆ ಅಂದಾಜು ಮಾಡುತ್ತದೆ, ಅದಕ್ಕೆ 28 ದಿನಕ್ಕೊಮ್ಮೆ ತೋಳಿನ ಬಿಪಿ ಯಂತ್ರದ ಜೊತೆ ಹೊಂದಿಸಬೇಕು ಅನ್ನುತ್ತದೆ. ಗಾಳಿಚೀಲವೂ ಇಲ್ಲ, ಹೊಂದಿಸುವ ಮಾತೂ ಇಲ್ಲ, ಆದರೂ 120/80 ಅಂತ ತೋರಿಸುವ ಅಗ್ಗದ ವಾಚಿನ ಅಂಕಿ ನೋಡಿ ಮಾತ್ರೆ ಬದಲಿಸಬೇಡಿ.

ಒಂದು ಜಾಹೀರಾತು ಓದೋಣ

‘ಹೈಬ್ರಿಡ್ ಸ್ಮಾರ್ಟ್‌ವಾಚ್, ಇಸಿಜಿ, ಬಿಪಿ, ಕಾಲಿಂಗ್, ಏಳು ದಿನ ಬ್ಯಾಟರಿ, 2,200 ರೂಪಾಯಿ.’ ಹೀಗೊಂದು ಜಾಹೀರಾತು ಇದೆ ಅಂದುಕೊಳ್ಳಿ. ಜೊತೆಗೆ ಮುಂದಿನ ಒಂದೇ ಫೋಟೋ, ದುಂಡು ಡಯಲ್, ಎರಡು ಮುಳ್ಳು.

ಮಾರುವವರಿಗೆ ಮೂರು ಫೋಟೋ ಕೇಳಿ: ಪರದೆ ಆರಿಸಿದ್ದು, ಬೆನ್ನಿನದು, ಬೆಲ್ಟು ಬಿಚ್ಚಿದ್ದು. ಮೊದಲನೆಯದರಲ್ಲಿ ಕಪ್ಪು ಗಾಜು ಮಾತ್ರ ಇದೆ, ಮುಳ್ಳು ಮಾಯ. ಹೈಬ್ರಿಡ್ ಅನ್ನುವುದು ಹೋಯಿತು. ಏಳು ದಿನದ ಬ್ಯಾಟರಿ ಅಂದಮೇಲೆ ಪೂರ್ತಿ ಸ್ಮಾರ್ಟ್‌ವಾಚ್ ಆಗಿರುವ ಸಾಧ್ಯತೆಯೂ ಕಡಿಮೆ. ಎರಡನೆಯದರಲ್ಲಿ ಪ್ಲಾಸ್ಟಿಕ್ ಬೆನ್ನು, ಎರಡು ಹಸಿರು ದೀಪ, ನಡುವೆ ಕಪ್ಪು ಚೌಕ, ಚಾರ್ಜಿಗೆ ಎರಡು ಚುಕ್ಕೆ. ನಾಡಿಬಡಿತದ ಕಣ್ಣು ಇರುವ ಹಾಗಿದೆ. ಚರ್ಮಕ್ಕೆ ತಾಗುವ ಬೇರೆ ಲೋಹ ಇಲ್ಲ, ಹಾಗಾಗಿ ಇಸಿಜಿ ಇಲ್ಲ. ಮೂರನೆಯದರಲ್ಲಿ ತೆಳ್ಳಗಿನ ಸಿಲಿಕೋನ್ ಬೆಲ್ಟು, ಕೈಯಲ್ಲೇ ತೆಗೆಯಬಹುದಾದ ಪಿನ್ನು, ಸಂದು 22 ಮಿಲಿಮೀಟರ್. ಗಾಳಿಚೀಲ ಇಲ್ಲ, ಬಿಪಿ ಬರೀ ಅಂದಾಜು.

ಇದು ದೊಡ್ಡ ಪರದೆಯ ಫಿಟ್ನೆಸ್ ಬ್ಯಾಂಡ್. ಕರೆ, ಹೆಜ್ಜೆ, ನಾಡಿಬಡಿತ ಇದ್ದು, ಮೆಟ್ಟಿಲಿನ ಪರೀಕ್ಷೆಯಲ್ಲೂ ಪಾಸಾದರೆ, ಹಳೆಯದಕ್ಕೆ ನಾನಾದರೆ ಸಾವಿರದ ಒಳಗೆ ಚೌಕಾಸಿ ಮಾಡುತ್ತೇನೆ. ಬೆನ್ನಿನ ಫೋಟೋ ಕಳಿಸಲು ಮಾರುವವರು ಸತಾಯಿಸಿದರೆ ಮುಂದಿನ ಜಾಹೀರಾತಿಗೆ ಹೋಗುತ್ತೇನೆ.